ರೆಸ್ಯೂಮ್‌ನಲ್ಲಿ ಮಾರ್ಚ್, ಲಿಂಕ್ಡ್‌ಇನ್‌ನಲ್ಲಿ ನವೆಂಬರ್

ನರಸಾಪುರ, ವೇಮಗಲ್, ಮಾಲೂರು ಕಡೆಯ ಕಾರ್ಖಾನೆಗಳಿಗೆ ಜನ ಹುಡುಕಿಕೊಡುವುದು ನನ್ನ ಕೆಲಸ. ಒಂದು ರೆಸ್ಯೂಮ್ ಕೈಗೆ ಬಂದ ತಕ್ಷಣ ಲ್ಯಾಪ್‌ಟಾಪ್ ಪರದೆಯ ಅರ್ಧಕ್ಕೆ ಅದನ್ನು ತೆರೆಯುತ್ತೇನೆ. ಇನ್ನರ್ಧಕ್ಕೆ ಅದೇ ಹುಡುಗನದೋ ಹುಡುಗಿಯದೋ ಲಿಂಕ್ಡ್‌ಇನ್ ಪ್ರೊಫೈಲ್ ತೆರೆಯುತ್ತೇನೆ. ಎರಡು ಮೂರು ನಿಮಿಷದ ಕೆಲಸ ಅಷ್ಟೆ. ಎಲ್ಲವನ್ನೂ ಓದುತ್ತಾ ಕೂರುವುದಿಲ್ಲ. ಕೊನೆಯ ಎರಡು ಕೆಲಸಗಳಲ್ಲಿ ಕಂಪನಿ ಹೆಸರು ಏನು, ಹುದ್ದೆ ಏನು, ಯಾವ ತಿಂಗಳು ಸೇರಿದರು, ಯಾವ ತಿಂಗಳು ಬಿಟ್ಟರು ಎಂದು ನೋಡುತ್ತೇನೆ. ಇಷ್ಟು ಹೊಂದಿಕೊಂಡರೆ ಫೋನ್ ಮಾಡುತ್ತೇನೆ. ಹೊಂದದಿದ್ದರೆ, ಅರ್ಜಿ ಜಾಸ್ತಿ ಇರುವ ದಿನ, ಮುಂದಿನ ರೆಸ್ಯೂಮ್‌ಗೆ ಹೋಗಿಬಿಡುತ್ತೇನೆ.

ಇದು ಸುಳ್ಳು ಹಿಡಿಯುವ ಚಟ ಅಲ್ಲ. ರೆಸ್ಯೂಮ್ ನೋಡುವವರು ನಾವು ನಾಲ್ಕು ಜನ. ಪ್ರೊಫೈಲನ್ನು ಜೊತೆಯಲ್ಲಿ ದುಡಿದವರು, ಹಳೆಯ ಸೂಪರ್‌ವೈಸರ್, ಕ್ಲಾಸ್‌ಮೇಟ್‌ಗಳು ಎಲ್ಲರೂ ನೋಡುತ್ತಾರೆ. ಲೈನ್ ಇನ್‌ಸ್ಪೆಕ್ಟರ್ ಆಗಿದ್ದವರು ಅಲ್ಲಿ ‘ಮ್ಯಾನೇಜರ್’ ಎಂದು ಬರೆದುಕೊಂಡರೆ ಮಾರನೇ ದಿನ ಕ್ಯಾಂಟೀನಿನಲ್ಲೇ ಕೇಳುತ್ತಾರೆ. ಅದಕ್ಕೇ ಅಲ್ಲಿ ಉಬ್ಬಿಸಿ ಬರೆಯುವುದು ಕಡಿಮೆ. ಇನ್ನೊಂದು ವಿಷಯ ಏನೆಂದರೆ, ಪ್ರೊಫೈಲಿನ ಹಳೆಯ ಸಾಲುಗಳನ್ನು ಸಾಮಾನ್ಯವಾಗಿ ಆಯಾ ಕೆಲಸಕ್ಕೆ ಸೇರಿದಾಗಲೇ ಬರೆದಿರುತ್ತಾರೆ. ರೆಸ್ಯೂಮನ್ನು ಮಾತ್ರ ಈ ಕೆಲಸ ಬೇಕು ಎಂದಾಗ ತಿದ್ದಿರುತ್ತಾರೆ. ಎರಡರಲ್ಲಿ ತಿಂಗಳು ಬೇರೆಯಾದರೆ ನಮ್ಮ ಅನುಮಾನ ರೆಸ್ಯೂಮ್ ಕಡೆಗೇ ಹೋಗುತ್ತದೆ.

ಆದರೂ ಪ್ರೊಫೈಲ್ ಒಂದು ಸಾಕ್ಷಿಯಲ್ಲ. ಕೆಲಸ ಬಿಟ್ಟು ವರ್ಷವಾದರೂ ‘ಈಗ ಇಲ್ಲೇ ಕೆಲಸ’ ಎಂಬ ಗುರುತು ತೆಗೆಯದೇ ಇರುವವರು ಬೇಕಾದಷ್ಟಿದ್ದಾರೆ. ಅಂಥವರಿಗೆ ಆ ಸೈಟು ತಾನಾಗಿಯೇ ತಿಂಗಳು ಕೂಡಿಸುತ್ತಾ ಹೋಗುತ್ತದೆ. ಮೋಸ ಮಾಡಿದವರೂ ಮರೆತವರೂ ಪರದೆಯ ಮೇಲೆ ಒಂದೇ ಥರ ಕಾಣುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಒಬ್ಬ ಹುಡುಗನ ಲೆಕ್ಕ

ನಮ್ಮ ಕೋಲಾರ ಕಡೆ ಮತ್ತೆ ಮತ್ತೆ ಕಾಣುವ ಒಂದು ಗೊಂದಲವಿದೆ. ಅದನ್ನು ಒಂದೇ ಉದಾಹರಣೆಯಲ್ಲಿ ಬಿಡಿಸುತ್ತೇನೆ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದ ಒಬ್ಬ ಹುಡುಗ 2025ರ ಜೂನ್‌ನಲ್ಲಿ ರೆಸ್ಯೂಮ್ ಕಳಿಸಿದ. ಕಂಪನಿ ಕೇಳಿದ್ದು ಕ್ವಾಲಿಟಿ ವಿಭಾಗದಲ್ಲಿ ಕನಿಷ್ಠ 5 ವರ್ಷದ ಅನುಭವ. ಇವನ ರೆಸ್ಯೂಮ್‌ನಲ್ಲಿ ಇದ್ದದ್ದು ಹೀಗೆ: ನರಸಾಪುರದ ಒಂದು ಕಾರ್ಖಾನೆಯಲ್ಲಿ 2019ರ ಜೂನ್‌ನಿಂದ 2022ರ ಮಾರ್ಚ್‌ವರೆಗೆ ಕ್ವಾಲಿಟಿ ಎಂಜಿನಿಯರ್. 2022ರ ಏಪ್ರಿಲ್‌ನಿಂದ ಮಾಲೂರಿನ ಇನ್ನೊಂದು ಕಾರ್ಖಾನೆ. ಕೂಡಿಸಿದರೆ 6 ವರ್ಷ 1 ತಿಂಗಳು.

ಪ್ರೊಫೈಲ್ ತೆರೆದರೆ ಮೊದಲ ಕೆಲಸ 2019ರ ಆಗಸ್ಟ್‌ನಲ್ಲಿ ಶುರುವಾಗಿ 2021ರ ನವೆಂಬರ್‌ನಲ್ಲಿ ಮುಗಿದಿತ್ತು. ಹುದ್ದೆ ‘ಕ್ವಾಲಿಟಿ ಇನ್‌ಸ್ಪೆಕ್ಟರ್’. ಎರಡನೆಯದು 2022ರ ಮೇ ತಿಂಗಳಿಂದ. ಅಂದು ಅರ್ಜಿ ಕಡಿಮೆ ಇತ್ತು, ಹಾಗಾಗಿ ಫೋನ್ ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಮೇಡಂ, ಅಪ್ಪನಿಗೆ ಕಾಲಿನ ಆಪರೇಷನ್ ಆಯ್ತು. ಟೊಮೆಟೊ ತೋಟ ನೋಡ್ಕೊಳೋರು ಯಾರೂ ಇರಲಿಲ್ಲ. ಐದು ತಿಂಗಳು ಮನೇಲೇ ಇದ್ದೆ. ಗ್ಯಾಪ್ ಇದ್ರೆ ಕರೆಯೋದಿಲ್ಲ ಅಂತ ಫ್ರೆಂಡ್ಸ್ ಹೇಳಿದ್ರು.”

ಆಮೇಲೆ ಕಾಗದ ತರಿಸಿ ನೋಡಿದಾಗ ಇನ್ನೊಂದು ವಿಷಯ ಹೊರಬಿತ್ತು. ಮೊದಲ 12 ತಿಂಗಳು, ಅಂದರೆ 2019ರ ಆಗಸ್ಟ್‌ನಿಂದ 2020ರ ಜುಲೈವರೆಗೆ, ಅವನು ಅಲ್ಲಿ ಅಪ್ರೆಂಟಿಸ್. ಆಮೇಲಿನ 16 ತಿಂಗಳು ಅದೇ ಕಾರ್ಖಾನೆಯ ಒಳಗೆ, ಆದರೆ ಕಂಟ್ರಾಕ್ಟ್ ರೋಲ್‌ನಲ್ಲಿ. ಸಂಬಳ ಕೊಟ್ಟದ್ದು, ಪಿಎಫ್ ಕಟ್ಟಿದ್ದು ಒಬ್ಬ ಕಂಟ್ರಾಕ್ಟರ್. ಆ ಕಂಟ್ರಾಕ್ಟರ್ ಹೆಸರು ರೆಸ್ಯೂಮ್‌ನಲ್ಲೂ ಇಲ್ಲ, ಪ್ರೊಫೈಲ್‌ನಲ್ಲೂ ಇಲ್ಲ.

ಈಗ ಲೆಕ್ಕ ಹಾಕಿ. ಅಪ್ರೆಂಟಿಸ್ 12 ತಿಂಗಳು, ಕಂಟ್ರಾಕ್ಟ್ 16 ತಿಂಗಳು, ಮಾಲೂರಿನಲ್ಲಿ 38 ತಿಂಗಳು. ಒಟ್ಟು 66 ತಿಂಗಳು, ಅಂದರೆ ಐದೂವರೆ ವರ್ಷ. ಅಪ್ರೆಂಟಿಸ್ ಅವಧಿಯನ್ನು ಒಪ್ಪುವ ಕಂಪನಿಯಾದರೆ ಅವನು ಇದ್ದದ್ದನ್ನು ಇದ್ದ ಹಾಗೆ ಬರೆದೇ ಅರ್ಹನಾಗುತ್ತಿದ್ದ. ಒಪ್ಪದಿದ್ದರೆ ನಾಲ್ಕೂವರೆ ವರ್ಷ, ಸ್ವಲ್ಪ ಕಡಿಮೆ. ಆಗಲೂ ಫೋನಿನಲ್ಲಿ ಮಾತಾಡಿ ನೋಡುವಷ್ಟು ಜಾಗ ಇರುತ್ತಿತ್ತು. ಐದು ತಿಂಗಳು ಮುಚ್ಚಲು ಹೋಗಿ, ಅವನು ನಿಜವಾಗಿ ಮಾಡಿದ ಅಷ್ಟೂ ಕೆಲಸದ ಮೇಲೆ ಅನುಮಾನ ಬರುವ ಹಾಗೆ ಮಾಡಿಕೊಂಡಿದ್ದ.

ನಷ್ಟ ಎಲ್ಲೆಲ್ಲಿ ಆಗುತ್ತದೆ

ಮೊದಲನೆಯ ನಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ಫೋನ್ ಬರುವುದಿಲ್ಲ, ಅಷ್ಟೆ. ‘ನಿಮ್ಮ ತಿಂಗಳು ಹೊಂದುತ್ತಿಲ್ಲ’ ಎಂದು ಯಾರೂ ಬರೆದು ತಿಳಿಸುವುದಿಲ್ಲ. ಹಾಗಾಗಿ ಅದೇ ತಪ್ಪು ರೆಸ್ಯೂಮ್ ಇನ್ನೂ ಹತ್ತು ಕಡೆ ಹೋಗುತ್ತದೆ.

ಎರಡನೆಯದು ಆಫರ್ ಬಂದ ಮೇಲೆ. ದೊಡ್ಡ ಕಂಪನಿಗಳು ನಿಮ್ಮ ಒಪ್ಪಿಗೆ ಸಹಿ ಪಡೆದು ಹಿನ್ನೆಲೆ ಪರಿಶೀಲನೆಗೆ ಕೊಡುತ್ತವೆ. ಪರಿಶೀಲಿಸುವವರು ಹಳೆಯ ಕಂಪನಿಯ ಎಚ್‌ಆರ್‌ಗೆ ಮೇಲ್ ಹಾಕಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ ಕೇಳುತ್ತಾರೆ. ಪಿಎಫ್ ಸೇವಾ ವಿವರವನ್ನೂ ನಿಮ್ಮಿಂದಲೇ ತರಿಸಿಕೊಳ್ಳುತ್ತಾರೆ. ಈ ಹುಡುಗನ ವಿಷಯದಲ್ಲಿ ಏನಾಗುತ್ತಿತ್ತು ಗೊತ್ತಾ? ನರಸಾಪುರದ ಕಾರ್ಖಾನೆಯ ಎಚ್‌ಆರ್ ‘ಈ ಹೆಸರಿನವರು ನಮ್ಮ ರೋಲ್‌ನಲ್ಲಿ ಇರಲಿಲ್ಲ’ ಎನ್ನುತ್ತಿದ್ದರು. ಅವರು ಹೇಳುವುದು ನಿಜವೇ. ಇವನು ಅಲ್ಲಿ ಶಿಫ್ಟ್ ಮಾಡಿದ್ದೂ ನಿಜವೇ. ಆದರೆ ವರದಿಯಲ್ಲಿ ಬರುವುದು ‘ದೃಢಪಟ್ಟಿಲ್ಲ’ ಎಂಬ ಒಂದೇ ಸಾಲು.

ಮೂರನೆಯದು ಬಹಳ ದುಬಾರಿ. ಆಫರ್ ನಂಬಿ ಇದ್ದ ಕೆಲಸಕ್ಕೆ ರಾಜೀನಾಮೆ ಕೊಟ್ಟಿರುತ್ತಾರೆ, ನೋಟಿಸ್ ಅವಧಿಯೂ ಮುಗಿದಿರುತ್ತದೆ. ಆಗ ವರದಿ ಬರುತ್ತದೆ. ಕೊಟ್ಟ ಮಾಹಿತಿ ತಪ್ಪಾದರೆ ಆಫರ್ ವಾಪಸ್, ಸೇರಿದ ಮೇಲಾದರೆ ಕೆಲಸದಿಂದ ತೆಗೆಯಬಹುದು ಎಂಬ ಷರತ್ತು ಬಹಳಷ್ಟು ಆಫರ್ ಲೆಟರ್‌ಗಳಲ್ಲಿ ಇದ್ದೇ ಇರುತ್ತದೆ. ಅತ್ತ ಹಳೆಯದೂ ಇಲ್ಲ, ಇತ್ತ ಹೊಸದೂ ಇಲ್ಲ. ಮನೆ ಸಾಲದ ಕಂತು ಇರುವವರು ಹೀಗೆ ನಿಂತದ್ದನ್ನು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಸರಿಪಡಿಸುವುದು ಹೇಗೆ

1. ಮೊದಲು ಕಾಗದ ತೆಗೆಯಿರಿ. ರೆಸ್ಯೂಮ್ ತೆರೆಯಬೇಡಿ. ಅಪಾಯಿಂಟ್‌ಮೆಂಟ್ ಲೆಟರ್, ರಿಲೀವಿಂಗ್ ಲೆಟರ್, ಅಪ್ರೆಂಟಿಸ್ ಪ್ರಮಾಣಪತ್ರ, ಮೊದಲ ಮತ್ತು ಕೊನೆಯ ಪೇ ಸ್ಲಿಪ್ ಎದುರಿಗೆ ಇಟ್ಟುಕೊಳ್ಳಿ. ನಂತರ ಪಿಎಫ್ ಸದಸ್ಯರ ಪೋರ್ಟಲ್‌ಗೆ ನಿಮ್ಮ 12 ಅಂಕಿಯ ಯುಎಎನ್ ಹಾಕಿ ಲಾಗಿನ್ ಆಗಿ `View` ಕೆಳಗಿನ `Service History` ನೋಡಿ. ಯಾವ ಸಂಸ್ಥೆ ಪಿಎಫ್ ಕಟ್ಟಿದೆ, ಎಂದು ಸೇರಿದಿರಿ, ಎಂದು ಬಿಟ್ಟಿರಿ ಎಂಬುದು ಅಲ್ಲಿರುತ್ತದೆ. ಒಂದು ಹಾಳೆಯಲ್ಲಿ ಸಾಲಾಗಿ ಬರೆದುಕೊಳ್ಳಿ. ಅಪ್ರೆಂಟಿಸ್ ಕಾಯ್ದೆಯಡಿ ಕಳೆದ ಅವಧಿ ಪಿಎಫ್‌ನಲ್ಲಿ ಕಾಣುವುದಿಲ್ಲ, ಗಾಬರಿ ಬೇಡ. ಅದಕ್ಕೆ ಪ್ರಮಾಣಪತ್ರವೇ ಆಧಾರ.

ಬಿಟ್ಟ ದಿನದ ಜಾಗ ಖಾಲಿ ಇದ್ದರೆ ಹಳೆಯ ಕೆಲಸ ಇನ್ನೂ ನಡೆಯುತ್ತಿದೆ ಎಂಬಂತೆ ಕಾಣುತ್ತದೆ. ಎರಡು ಕಡೆ ಒಟ್ಟಿಗೆ ಕೆಲಸ ಮಾಡುತ್ತಿದ್ದಾರಾ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ. ಹಳೆಯ ಸಂಸ್ಥೆ ಹಾಕದಿದ್ದರೆ, ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ `Manage` ಕೆಳಗಿನ `Mark Exit` ನಲ್ಲಿ ನೀವೇ ಹಾಕಬಹುದು. ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ, ಓಟಿಪಿ ಬರುತ್ತದೆ. ರಿಲೀವಿಂಗ್ ಲೆಟರ್‌ನಲ್ಲಿರುವ ತಾರೀಖನ್ನೇ ನೋಡಿ ಹಾಕಿ. ಒಮ್ಮೆ ಹಾಕಿದ್ದನ್ನು ತಿದ್ದುವುದು ತಲೆನೋವು.

2. ಆ ಹಾಳೆ ನೋಡಿಕೊಂಡು ರೆಸ್ಯೂಮ್ ತಿದ್ದಿ. ಕಂಟ್ರಾಕ್ಟ್ ರೋಲ್ ಆಗಿದ್ದರೆ ಸಂಬಳ ಕೊಟ್ಟವರ ಹೆಸರು ಮೊದಲು, ಅದರ ಪಕ್ಕದಲ್ಲೇ `deployed at` ಎಂದು ಹಾಕಿ ಕಾರ್ಖಾನೆಯ ಹೆಸರು. ಇದರಿಂದ ಬೆಲೆ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ಇಲ್ಲಿನ ಕಾರ್ಖಾನೆಗಳಲ್ಲಿ ಎಷ್ಟು ಜನ ಕಂಟ್ರಾಕ್ಟ್‌ನಲ್ಲಿದ್ದಾರೆ ಎಂಬುದು ನಮಗೆಲ್ಲ ಗೊತ್ತಿರುವುದೇ ಅಲ್ವಾ? ಹುದ್ದೆಯನ್ನು ಲೆಟರ್‌ನಲ್ಲಿ ಇದ್ದಂತೆಯೇ ಬರೆಯಿರಿ. ಇನ್‌ಸ್ಪೆಕ್ಟರ್ ಆಗಿದ್ದು ಎಂಜಿನಿಯರ್ ಕೆಲಸ ಮಾಡಿದ್ದರೆ ಅದನ್ನು ಹುದ್ದೆಯ ಕೆಳಗಿನ ಸಾಲಿನಲ್ಲಿ ವಿವರಿಸಿ: ಯಾವ ಭಾಗ ಅಳೆಯುತ್ತಿದ್ದಿರಿ, ಯಾವ ಗೇಜ್ ಬಳಸಿದಿರಿ, ಗ್ರಾಹಕರ ಆಡಿಟ್‌ಗೆ ಕೂತಿದ್ದಿರಾ. ಕ್ವಾಲಿಟಿ ಹೆಡ್ ಓದುವುದು ಆ ಸಾಲನ್ನೇ.

3. ಅದೇ ಹಾಳೆಯಿಂದ ಪ್ರೊಫೈಲ್ ತಿದ್ದಿ. ಲಿಂಕ್ಡ್‌ಇನ್‌ನಲ್ಲಿ ತಿದ್ದುವ ಮೊದಲು `Notify network` ಆಫ್ ಮಾಡಿ. ಇಲ್ಲದಿದ್ದರೆ ಹಳೇ ಕೆಲಸದ ತಿಂಗಳು ಬದಲಿಸಿದ್ದಕ್ಕೂ ‘ಅಭಿನಂದನೆ’ ಬರಲು ಶುರುವಾಗಬಹುದು, ಈಗಿನ ಮ್ಯಾನೇಜರ್ ಕಣ್ಣಿಗೂ ಬೀಳಬಹುದು. ಕೆಲಸದ ಬಗೆ ಕೇಳುವ `Employment type` ನಲ್ಲಿ ನಿಮ್ಮ ಕೆಲಸಕ್ಕೆ ಹೊಂದುವುದನ್ನು ಆರಿಸಿಕೊಳ್ಳಿ. ಬಿಟ್ಟ ಕೆಲಸದ ‘ಈಗ ಇಲ್ಲೇ’ ಟಿಕ್ ತೆಗೆಯಿರಿ. ನೌಕ್ರಿಯಲ್ಲಿ ಖಾತೆ ಇದ್ದರೆ ಅಲ್ಲಿ ತುಂಬಿದ ವಿವರ ಒಂದು, ಸೇರಿಸಿದ ಫೈಲ್ ಇನ್ನೊಂದು ಆಗಿರುತ್ತದೆ. ಎರಡನ್ನೂ ನೋಡಿ.

ಪ್ರೊಫೈಲ್ ರೆಸ್ಯೂಮ್‌ನಷ್ಟು ಉದ್ದ ಇರಬೇಕಾಗಿಲ್ಲ. ಅಲ್ಲಿ ವಿವರ ಕಡಿಮೆ ಇದ್ದರೆ ನಾವು ತಲೆ ಕೆಡಿಸಿಕೊಳ್ಳುವುದಿಲ್ಲ. ಕಂಪನಿ, ಹುದ್ದೆ, ತಿಂಗಳು, ಓದು, ಈ ನಾಲ್ಕು ಬೇರೆ ಬೇರೆ ಇರಬಾರದು.

4. ಹಳೆಯ ರೆಸ್ಯೂಮ್ ಆಗಲೇ ಹೋಗಿದ್ದರೆ ಹೇಳಿಬಿಡಿ. ಸುಮ್ನೆ ಪ್ರೊಫೈಲ್ ಬದಲಿಸಿ ಕೂರಬೇಡಿ. ಕಂಪನಿಗಳ ಸಾಫ್ಟ್‌ವೇರ್‌ನಲ್ಲಿ, ನಮ್ಮಂಥವರ ಫೋಲ್ಡರ್‌ನಲ್ಲಿ ನಿಮ್ಮ ಮೂರು ವರ್ಷದ ಹಿಂದಿನ ರೆಸ್ಯೂಮ್ ಕೂಡ ಉಳಿದಿರುತ್ತದೆ. ಪರಿಶೀಲನೆ ಫಾರ್ಮ್ ತುಂಬುವ ಮೊದಲೇ ರಿಕ್ರೂಟರ್‌ಗೆ ಒಂದು ಮೇಲ್ ಸಾಕು: ‘ನಾನು ಕಳಿಸಿದ ರೆಸ್ಯೂಮ್‌ನಲ್ಲಿ ಮೊದಲ ಕೆಲಸದ ತಿಂಗಳು ತಪ್ಪಾಗಿದೆ. ನಾನು ಬಿಟ್ಟದ್ದು 2021ರ ನವೆಂಬರ್‌ನಲ್ಲಿ. ಆಮೇಲೆ ಐದು ತಿಂಗಳು ತಂದೆಯ ಆರೋಗ್ಯದ ಕಾರಣ ಮನೆಯಲ್ಲಿದ್ದೆ. ತಿದ್ದಿದ ಪ್ರತಿ, ರಿಲೀವಿಂಗ್ ಲೆಟರ್ ಜೊತೆಗಿವೆ.’ ಇಷ್ಟು ಹೇಳಿದ ಮೇಲೂ ಕೆಲವರು ಬೇಡ ಎನ್ನಬಹುದು. ಆಗ ಕೈ ತಪ್ಪುವುದು ಆ ಒಂದು ಕೆಲಸ. ಈಗಿನ ಕೆಲಸ ನಿಮ್ಮ ಕೈಯಲ್ಲೇ ಇರುತ್ತದೆ.

ಆ ಹುಡುಗನಿಗೆ ನಾನು ಅಂದು ಹೇಳಿದ್ದು ಇದನ್ನೇ. ಕಂಟ್ರಾಕ್ಟರ್ ಆಫೀಸಿಗೆ ಎರಡು ಸಲ ಹೋಗಿ ಸೇವಾ ಪತ್ರ ಬರೆಸಿಕೊಂಡು ಬಂದ. ಆ ಕಂಪನಿ ಅಪ್ರೆಂಟಿಸ್ ವರ್ಷ ಒಪ್ಪಲಿಲ್ಲ, ಅಲ್ಲಿ ಆಗಲಿಲ್ಲ. ಎರಡು ತಿಂಗಳ ನಂತರ ವೇಮಗಲ್ ಕಡೆಯ ಇನ್ನೊಂದು ಕಾರ್ಖಾನೆಗೆ ತಿದ್ದಿದ ರೆಸ್ಯೂಮ್ ಕಳಿಸಿದೆವು. ಇಂಟರ್‌ವ್ಯೂನಲ್ಲಿ ಐದು ತಿಂಗಳ ಗ್ಯಾಪ್ ಬಗ್ಗೆ ಕೇಳಿದರಂತೆ. ಇದ್ದದ್ದು ಹೇಳಿದ. “ಆ ಸಲ ಟೊಮೆಟೊಗೆ ರೇಟ್ ಸಿಕ್ತಾ?” ಎಂದು ಪ್ಲಾಂಟ್ ಹೆಡ್ ಕೇಳಿ, ಮುಂದಿನ ಪ್ರಶ್ನೆಗೆ ಹೋದರಂತೆ.