ಮೊದಲು ಮಾತುಕತೆ, ಆಮೇಲೆ ಆರ್ಬಿಟ್ರೇಶನ್: ವ್ಯಾಜ್ಯದ ಷರತ್ತನ್ನು ಬರೆಯುವುದು ಹೇಗೆ?

ಮುಂಬಯಿ, ಪುಣೆಗಳಲ್ಲಿ ಹೋಟೆಲು, ಫ್ಯಾಬ್ರಿಕೇಶನ್, ಸಾಗಣೆಯ ವ್ಯವಹಾರ ಮಾಡುವ ಕನ್ನಡಿಗರು ತಮ್ಮ ಕರಾರುಗಳನ್ನು ತಂದು ತೋರಿಸಿದಾಗ, ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಇಂಥದೊಂದು ಸಾಲು ಇರುತ್ತದೆ: “ವ್ಯಾಜ್ಯವನ್ನು ಸೌಹಾರ್ದದಿಂದ ಬಗೆಹರಿಸಿಕೊಳ್ಳತಕ್ಕದ್ದು, ಆಗದಿದ್ದರೆ ಮೀಡಿಯೇಶನ್‌ಗೆ, ಅದೂ ಆಗದಿದ್ದರೆ ಆರ್ಬಿಟ್ರೇಶನ್‌ಗೆ ಒಪ್ಪಿಸಬಹುದು.” ಮೀಡಿಯೇಶನ್ ಎಂದರೆ ಮೂರನೆಯವರೊಬ್ಬರು ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸಲು ನೋಡುವುದು; ಆರ್ಬಿಟ್ರೇಶನ್ ಎಂದರೆ ನ್ಯಾಯಾಲಯದ ಹೊರಗೆ ತೀರ್ಪುಗಾರರೊಬ್ಬರು ಇಬ್ಬರನ್ನೂ ಕಟ್ಟಿಹಾಕುವಂಥ ತೀರ್ಪು ಕೊಡುವುದು. ಸಾಲು ಓದುವುದಕ್ಕೆ ಹಿತವಾಗಿದೆ. ಆದರೆ ಮಾತುಕತೆ ಯಾವತ್ತು ಶುರುವಾಯಿತು, ಯಾವತ್ತು ಮುಗಿಯಿತು ಎಂಬುದನ್ನು ಈ ಸಾಲು ಹೇಳುವುದಿಲ್ಲ. ಹಣ ನಿಂತ ಮೇಲೆ ಜಗಳವಾಗುವುದು ಅದರ ಬಗ್ಗೆಯೇ.

ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಂಡು ನೋಡೋಣ. ಭೋಸರಿಯ ಫ್ಯಾಬ್ರಿಕೇಟರ್ ಒಬ್ಬರು ಕೋಥ್ರೂಡಿನ ಹೋಟೆಲೊಂದರ ಅಡುಗೆಮನೆಗೆ ಹೊಗೆಗೂಡು, ಡಕ್ಟು, ಸ್ಟೀಲ್ ಮೇಜುಗಳನ್ನು 24 ಲಕ್ಷ ರೂಪಾಯಿಗೆ ಮಾಡಿಕೊಟ್ಟಿದ್ದಾರೆ. ಕೊನೆಯ ಬಿಲ್ಲಿನ 8 ಲಕ್ಷವನ್ನು ಕೊಡಬೇಕಾಗಿದ್ದ ದಿನ 2023ರ ಜೂನ್ 10. ಹೊಗೆ ಊಟದ ಹಾಲಿಗೆ ಬರುತ್ತಿದೆ ಎಂದು ಹೋಟೆಲಿನವರು ಹಣವನ್ನು ತಡೆಹಿಡಿದಿದ್ದಾರೆ.

ಮೊದಲ ಹೆಜ್ಜೆ, ವ್ಯಾಜ್ಯ ಹುಟ್ಟುವ ದಿನವನ್ನು ಗೊತ್ತುಮಾಡುವುದು. “ಒಂದು ಪಕ್ಷವು ತನ್ನ ತಕರಾರನ್ನೂ ಕೇಳುವ ಪರಿಹಾರವನ್ನೂ ಬರೆದು ಕಳಿಸಿದ ನೋಟಿಸು ಎದುರು ಪಕ್ಷಕ್ಕೆ ತಲುಪಿದ ದಿನ” ಎಂದು ಬರೆದರೆ ಸಾಕು.

ಎರಡನೆಯದು, ಮಾತುಕತೆಗೆ ಕೂರುವವರು ಯಾರೆಂದು ಹೇಳುವುದು. ಸೈಟಿನ ಸೂಪರ್‌ವೈಸರು ಬೇಡ, ಹಣ ಬಿಡುವ ಅಧಿಕಾರ ಇರುವ ಮಾಲೀಕರೋ ಪಾಲುದಾರರೋ ಬೇಕು. ಇದಕ್ಕೆ 15 ದಿನ ಸಾಕು. ಮೂವತ್ತು, ಅರವತ್ತು ದಿನ ಇಡುವವರಿದ್ದಾರೆ. ಎರಡು ವಾರದಲ್ಲಿ ಮುಖಾಮುಖಿ ಕೂರದವರು ಎರಡು ತಿಂಗಳಲ್ಲೂ ಕೂರುವುದಿಲ್ಲ.

ಮೂರನೆಯದು ಮೀಡಿಯೇಶನ್. ಮೀಡಿಯೇಟರನ್ನು ಇಬ್ಬರೂ ಒಪ್ಪಿ ಆರಿಸಬೇಕು. ಏಳು ದಿನದಲ್ಲಿ ಒಪ್ಪಿಗೆಯಾಗದಿದ್ದರೆ ಯಾರು ನೇಮಿಸಬೇಕು ಎಂಬುದನ್ನು ಈಗಲೇ ಬರೆದಿಡಬೇಕು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ನಮೂನೆಗಳ ಕೈಗೆ ಸಿಕ್ಕಿಕೊಳ್ಳಬೇಡಿ: ವಿದೇಶದ ಸಂಸ್ಥೆಯೊಂದರ ಹೆಸರು ಹಾಗೇ ಉಳಿದು, 8 ಲಕ್ಷದ ಜಗಳಕ್ಕೆ ಅದಕ್ಕೆ ತಕ್ಕುದಲ್ಲದ ಶುಲ್ಕ ಕಟ್ಟಬೇಕಾದ ಸ್ಥಿತಿ ಬರುತ್ತದೆ. ಸಂಸ್ಥೆಯ ಹೆಸರು ಬರೆಯುವ ಮುನ್ನ ಅದರ ಶುಲ್ಕದ ಪಟ್ಟಿಯನ್ನು ತರಿಸಿ ನೋಡಿ.

ಎಲ್ಲರೂ ಎಡವುವುದು ಮುಂದಿನ ಹೆಜ್ಜೆಯಲ್ಲಿ, ಅಂದರೆ ಒಂದು ಹಂತ ಮುಗಿದು ಇನ್ನೊಂದು ತೆರೆಯುವ ಕಡೆ. “ಮೀಡಿಯೇಶನ್ ವಿಫಲವಾದರೆ” ಎಂದಷ್ಟೇ ಬರೆದರೆ, ಹಣ ಕೊಡಬೇಕಾದವರು “ಇನ್ನೂ ವಿಫಲವಾಗಿಲ್ಲ, ಮುಂದಿನ ವಾರ ಕೂರೋಣ” ಎನ್ನುತ್ತಲೇ ಇರಬಹುದು. ಆದ್ದರಿಂದ ಮೂರು ಬಾಗಿಲುಗಳನ್ನು ಬರೆದಿಡಿ: ಮೀಡಿಯೇಟರು ಲಿಖಿತವಾಗಿ ಮುಗಿಯಿತೆಂದರೆ, ಒಂದು ಪಕ್ಷವು ಹಿಂದೆ ಸರಿದಿರುವುದಾಗಿ ಲಿಖಿತವಾಗಿ ತಿಳಿಸಿದರೆ, ಅಥವಾ ಮಾತುಕತೆಯ ಅವಧಿ ಮುಗಿದ ಮೇಲೆ 45 ದಿನ ಕಳೆದರೆ, ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಆ ದಿನ ಹಂತ ಮುಗಿಯಿತು. ಆ 45 ದಿನ ಮೀಡಿಯೇಟರ ನೇಮಕದಿಂದ ಎಣಿಕೆಯಾಗುವಂತೆ ಬರೆಯಬೇಡಿ. ಎದುರಿನವರು ನೇಮಕಕ್ಕೇ ಬರದಿದ್ದರೆ ಗಡಿಯಾರ ಶುರುವಾಗುವುದೇ ಇಲ್ಲ.

ಅದರ ಮುಂದಿನ ಸಾಲಿನಲ್ಲಿ “ಒಪ್ಪಿಸಬಹುದು” ಎಂಬುದನ್ನು ಹೊಡೆದುಹಾಕಿ “ಒಪ್ಪಿಸತಕ್ಕದ್ದು” ಎಂದು ಬರೆಯಿರಿ. 2020ರಲ್ಲಿ ಕ್ವಿಕ್ ಹೀಲ್ ಮತ್ತು ಎನ್‌ಸಿಎಸ್ ಕಂಪ್ಯೂಟೆಕ್ ನಡುವಣ ಪ್ರಕರಣ ಬಾಂಬೆ ಹೈಕೋರ್ಟಿಗೆ ಬಂದಿತ್ತು. 30 ದಿನದೊಳಗೆ ಮಾತುಕತೆಯಲ್ಲಿ ಬಗೆಹರಿಯದಿದ್ದರೆ ವ್ಯಾಜ್ಯವನ್ನು ಆರ್ಬಿಟ್ರೇಶನ್‌ಗೆ ಒಪ್ಪಿಸಬಹುದು ಎಂದು ಅವರ ಷರತ್ತಿನ ಮೊದಲ ಭಾಗದಲ್ಲಿತ್ತು. ಮುಂದಿನ ಭಾಗದಲ್ಲಿ ಒಪ್ಪಿಸತಕ್ಕದ್ದು, ಸ್ಥಳ ಪುಣೆ ಎಂದಿತ್ತು. ಎರಡನ್ನೂ ಸೇರಿಸಿ ಓದಿದ ನ್ಯಾಯಾಲಯ, ಇದು ಕಡ್ಡಾಯವಾದ ಆರ್ಬಿಟ್ರೇಶನ್ ಒಪ್ಪಂದವಲ್ಲ, ಒಪ್ಪಿಸಬೇಕಾದರೆ ಇಬ್ಬರೂ ಹೊಸದಾಗಿ ಒಪ್ಪಬೇಕು ಎಂದು ಹೇಳಿ ಆರ್ಬಿಟ್ರೇಟರ ನೇಮಕದ ಅರ್ಜಿಯನ್ನು ತಳ್ಳಿಹಾಕಿತು.

ಇನ್ನು ಕಾಲಮಿತಿಯ ಲೆಕ್ಕ. ನಮ್ಮ ಫ್ಯಾಬ್ರಿಕೇಟರಿಗೆ ಹಣ ಕೇಳಲು ಮೂರು ವರ್ಷ, ಅಂದರೆ 2026ರ ಜೂನ್ 10ರವರೆಗೆ ಅವಕಾಶವಿದೆ. ಆರ್ಬಿಟ್ರೇಶನ್ ಶುರುವಾಗುವುದು ಅರ್ಜಿ ಹಾಕಿದ ದಿನವಲ್ಲ. 1996ರ ಆರ್ಬಿಟ್ರೇಶನ್ ಮತ್ತು ಕನ್ಸಿಲಿಯೇಶನ್ ಕಾಯಿದೆಯ 21ನೇ ಕಲಮಿನಂತೆ, ವ್ಯಾಜ್ಯವನ್ನು ಆರ್ಬಿಟ್ರೇಶನ್‌ಗೆ ಒಪ್ಪಿಸಬೇಕೆಂಬ ಕೋರಿಕೆ ಎದುರು ಪಕ್ಷದ ಕೈಸೇರಿದ ದಿನ. ಅವರು ವ್ಯಾಜ್ಯದ ನೋಟಿಸನ್ನು 2026ರ ಫೆಬ್ರವರಿ 2ರಂದು ಮುಟ್ಟಿಸಿದ್ದರೆ ಮಾತುಕತೆ ಫೆಬ್ರವರಿ 17ಕ್ಕೆ, ಮೀಡಿಯೇಶನ್ ಏಪ್ರಿಲ್ 3ಕ್ಕೆ ಮುಗಿಯುತ್ತದೆ, ಕೈಯಲ್ಲಿ ಇನ್ನೂ ಎರಡು ತಿಂಗಳು ಉಳಿಯುತ್ತದೆ. ವಾಟ್ಸಾಪಿನಲ್ಲಿ “ನೋಡೋಣ” ಎನ್ನಿಸಿಕೊಳ್ಳುತ್ತ ಮೇ 1ರವರೆಗೆ ಕಾದಿದ್ದರೆ ಮೀಡಿಯೇಶನ್ ಮುಗಿಯುವುದು ಜೂನ್ 30ಕ್ಕೆ, ಅಷ್ಟರಲ್ಲಿ ಕಾಲ ಮೀರಿರುತ್ತದೆ.

ಮಾತುಕತೆ ನಡೆದ ಸಮಯವನ್ನು ಕಳೆಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಜಿಯೋ ಮಿಲ್ಲರ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟು, ಪ್ರಾಮಾಣಿಕ ಮಾತುಕತೆಯ ಅವಧಿಯನ್ನು ಬಿಟ್ಟು ಎಣಿಸಬಹುದು ಎಂದಿತು ನಿಜ. ಆದರೆ ಮಾತುಕತೆಯ ಪೂರ್ಣ ಇತಿಹಾಸವನ್ನು ಸ್ಪಷ್ಟವಾಗಿ ಹೇಳಿ ದಾಖಲೆ ಸಹಿತ ಮುಂದಿಡಬೇಕು, ರಾಜಿಯ ಯತ್ನ ಮುರಿದುಬಿದ್ದದ್ದು ಯಾವಾಗ ಎಂಬುದನ್ನು ತೋರಿಸಬೇಕು. ಬರೀ ಜ್ಞಾಪನಾ ಪತ್ರಗಳನ್ನು ಕಳಿಸುತ್ತ ಇದ್ದರೆ ಕಾಲಮಿತಿ ಬೆಳೆಯುವುದಿಲ್ಲ. ಅದಕ್ಕೇ ಪ್ರತಿ ಸಭೆಯ ನಂತರ ದಿನಾಂಕ, ಬಂದವರ ಹೆಸರು, ಒಪ್ಪಿಗೆ ಆಯಿತೇ ಇಲ್ಲವೇ ಎಂಬಷ್ಟನ್ನು ಇಮೇಲಿನಲ್ಲಿ ಕಳಿಸಿ. ಯಾರು ಎಷ್ಟಕ್ಕೆ ಇಳಿದರು ಎಂಬುದನ್ನು ಅದರಲ್ಲಿ ಬರೆಯಬೇಡಿ. ರಾಜಿಗಾಗಿ ಆಡಿದ ಮೊತ್ತ ಗುಟ್ಟಾಗಿರಬೇಕು, ಅದನ್ನು ಕರಾರಿನಲ್ಲೂ ಹೇಳಿಡಬೇಕು.

ತಡವಾಗಿ ಎಚ್ಚರಗೊಂಡವರಿಗೆ ನನ್ನ ಖಚಿತ ಸಲಹೆ: ಕಾಲಮಿತಿ ಹತ್ತಿರ ಬಂದಿದ್ದರೆ ಆರ್ಬಿಟ್ರೇಶನ್ ನೋಟಿಸನ್ನು ಮೊದಲು ಮುಟ್ಟಿಸಿ, ಮೀಡಿಯೇಶನನ್ನು ಅದರ ಜೊತೆಗೇ ನಡೆಸಿ. ಕಾಲಮಿತಿ ಉಳಿಸಿಕೊಳ್ಳಲು ಕೊಡುವ ನೋಟಿಸಿಗೂ, ಅದೇ 1996ರ ಕಾಯಿದೆಯ 9ನೇ ಕಲಮಿನಡಿ ನ್ಯಾಯಾಲಯದಿಂದ ತುರ್ತು ಮಧ್ಯಂತರ ಆದೇಶ ಕೇಳುವುದಕ್ಕೂ ಹಂತಗಳು ಅಡ್ಡಿಯಲ್ಲ ಎಂಬ ವಾಕ್ಯ ಷರತ್ತಿನಲ್ಲಿ ಇರಲೇಬೇಕು.

ಹಂತಗಳನ್ನೇ ಹಾರಿ ನೇರವಾಗಿ ಹೋದರೆ ಏನಾಗುತ್ತದೆ? ಡೆಮರಾರಾ ಡಿಸ್ಟಿಲರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾಜಿಯಾಗುವ ಸಂಭವವಿಲ್ಲವೆಂದು ಪತ್ರಗಳಿಂದಲೇ ಕಾಣುವಾಗ ಪಕ್ಷಗಳನ್ನು ಹಿಂದಕ್ಕೆ ಕಳಿಸುವುದು ಬರೀ ಶಾಸ್ತ್ರವಾಗುತ್ತದೆ ಎಂದಿತ್ತು. ಇದನ್ನು ಅಡ್ಡದಾರಿ ಎಂದುಕೊಳ್ಳಬೇಡಿ. ಅಲ್ಲಿ ತೋರಿಸಲು ಪತ್ರವ್ಯವಹಾರವಿತ್ತು; ಏನೂ ಇಲ್ಲದವರ ಅರ್ಜಿಗೆ ಎದುರಿನ ವಕೀಲರು ಮೊದಲ ದಿನವೇ ಆಕ್ಷೇಪ ಎತ್ತುತ್ತಾರೆ, ಅದರ ವಾದಕ್ಕೇ ತಿಂಗಳುಗಳು ಹೋಗುತ್ತವೆ.

ಆರ್ಬಿಟ್ರೇಟರ ನೇಮಕ ಸುಲಭದ ಹೆಜ್ಜೆ: ಒಬ್ಬರೇ ಸಾಕು, ಸೀಟ್, ಅಂದರೆ ಆರ್ಬಿಟ್ರೇಶನ್ನಿನ ಕಾನೂನಿನ ನೆಲೆ, ಪುಣೆ ಎಂದು ಬರೆಯಿರಿ. “ಹೋಟೆಲ್ ಮಾಲೀಕರು ನೇಮಿಸುತ್ತಾರೆ” ಎಂದು ಮಾತ್ರ ಬರೆಯಬೇಡಿ. ವ್ಯಾಜ್ಯದ ಫಲದಲ್ಲಿ ಆಸಕ್ತಿಯುಳ್ಳವರು ಏಕೈಕ ಆರ್ಬಿಟ್ರೇಟರನ್ನು ತಾವೇ ನೇಮಿಸುವಂತಿಲ್ಲ ಎಂದು 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು ಹೇಳಿದೆ. ನೋಟಿಸು ತಲುಪಿ 30 ದಿನದಲ್ಲಿ ಒಪ್ಪಿಗೆ ಆಗದಿದ್ದರೆ ಹೈಕೋರ್ಟಿಗೆ ಅರ್ಜಿ ಹಾಕಬಹುದು.

ಆರ್ಬಿಟ್ರೇಶನ್ ಬೇಡ, ಕೊನೆಗೆ ನ್ಯಾಯಾಲಯವೇ ಇರಲಿ ಎನ್ನುವವರಿಗೆ ಲೆಕ್ಕ ಬೇರೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ದಾವೆಯಲ್ಲಿ ತುರ್ತು ಪರಿಹಾರ ಕೇಳುವುದಿಲ್ಲವಾದರೆ, ವಾಣಿಜ್ಯ ನ್ಯಾಯಾಲಯಗಳ ಕಾಯಿದೆಯ 12ಎ ಕಲಮಿನಡಿ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಮೀಡಿಯೇಶನ್ ಕಡ್ಡಾಯ. ಇಲ್ಲದಿದ್ದರೆ ದಾವೆಯೇ ತಿರಸ್ಕೃತವಾಗುತ್ತದೆ ಎಂದು 2022ರಲ್ಲಿ ಪಾಟೀಲ್ ಆಟೊಮೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕರಾರಿನಂತೆ ಖಾಸಗಿಯಾಗಿ ಮೀಡಿಯೇಶನ್ ಮಾಡಿಕೊಂಡಿದ್ದೇವೆ ಎಂಬ ಧೈರ್ಯದಲ್ಲಿ ಕೂರದೆ ಪ್ರಾಧಿಕಾರದ ವರದಿಯನ್ನೂ ಪಡೆಯಿರಿ. ಅಲ್ಲಿ ಕಳೆದ ಸಮಯ ಕಾಲಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ ಎಂದು ಕಲಮೇ ಹೇಳುತ್ತದೆ, ಎದುರಿನವರು ಹಾಜರಾಗದಿದ್ದರೆ ಮೀಡಿಯೇಶನ್ ಶುರುವೇ ಆಗಲಿಲ್ಲ ಎಂಬ ನಾನ್-ಸ್ಟಾರ್ಟರ್ ವರದಿ ಸಿಗುತ್ತದೆ, ದಾವೆಯ ಜೊತೆ ಲಗತ್ತಿಸಬೇಕಾದದ್ದು ಅದೇ.