ಪ್ರಿಫರೆನ್ಸ್ ಷೇರು: ದರಕ್ಕಿಂತ ಮೊದಲು ‘ಕ್ಯುಮುಲೇಟಿವ್’ ಪದ ನೋಡಿ

ಲಾಭಾಂಶದಲ್ಲಿ ಸಾಮಾನ್ಯ, ಅಂದರೆ ಈಕ್ವಿಟಿ ಷೇರುದಾರರಿಗಿಂತ ಮೊದಲ ಹಕ್ಕು ಕೊಡುವ ಪ್ರಿಫರೆನ್ಸ್ ಷೇರು ಕೊಳ್ಳುವ ಮುನ್ನ ಅದರ ಷರತ್ತುಗಳಲ್ಲಿ ‘ಕ್ಯುಮುಲೇಟಿವ್’ ಎಂಬ ಪದ ಇದೆಯೇ ನೋಡಿ. ಮುಖಬೆಲೆ 100, ಲಾಭಾಂಶ 8% ಎಂದುಕೊಳ್ಳಿ. ಕಂಪನಿ ಎರಡು ವರ್ಷ ಏನೂ ಕೊಡಲಿಲ್ಲ. ಆ ಪದವಿದ್ದರೆ ಮೂರನೇ ವರ್ಷ ಬಾಕಿ 16, ಆ ವರ್ಷದ 8, ಒಟ್ಟು 24 ನಿಮಗೆ ಸಂದ ಮೇಲೆಯೇ ಈಕ್ವಿಟಿಯವರಿಗೆ ಲಾಭಾಂಶ. ‘ನಾನ್-ಕ್ಯುಮುಲೇಟಿವ್’ ಎಂದಿದ್ದರೆ ಹಳೆಯ 16 ಹೋದಂತೆಯೇ. ಸಾಮಾನ್ಯವಾಗಿ ಮತದಾನದ ಹಕ್ಕು ಈಕ್ವಿಟಿಯವರದು. ಎರಡು ವರ್ಷ ಲಾಭಾಂಶ ಬಾರದಿದ್ದರೆ ನಿಮಗೂ ಆ ಹಕ್ಕು ಸಿಗುತ್ತದೆ, ಅಲ್ಲಿಯವರೆಗೆ ಈ ಪದವೇ ನಿಮ್ಮ ಮುಖ್ಯ ರಕ್ಷಣೆ. ಆದರೆ ಕಂಪನಿ ಸಮಾಪನೆಗೊಂಡಾಗ ಇದನ್ನೇ ನಂಬಬೇಡಿ. ಆಸ್ತಿ ಮಾರಿ 60 ಲಕ್ಷ ಬಂದು, ಸಾಲ 70 ಲಕ್ಷ ಇದ್ದರೆ ಎಲ್ಲವೂ ಸಾಲ ಕೊಟ್ಟವರಿಗೇ ಹೋಗುತ್ತದೆ. ನಿಮ್ಮ ಆದ್ಯತೆ ಈಕ್ವಿಟಿಯವರ ಮೇಲೆ ಮಾತ್ರ, ಸಾಲದ ಮೇಲಲ್ಲ.