22 ವರ್ಷ ಬಾಡಿಗೆಗಿದ್ದವರನ್ನು ಬೀಳ್ಕೊಟ್ಟ ಬಗೆ

ತುಮಕೂರಿನ ಸೋಮೇಶ್ವರಪುರಂನಲ್ಲಿ ನಮ್ಮಪ್ಪ ಕಟ್ಟಿಸಿದ ಒಂದು ಸಣ್ಣ ಮನೆ ಇತ್ತು. 2003ರ ಜೂನ್‌ನಲ್ಲಿ ಅದಕ್ಕೆ ಟೈಲರ್ ಅಣ್ಣ ಬಾಡಿಗೆಗೆ ಬಂದರು. ಗುಬ್ಬಿ ಗೇಟ್ ಹತ್ತಿರ ಅವರ ಅಂಗಡಿ. ಬಂದಾಗ ಗಂಡ ಹೆಂಡತಿ ಇಬ್ಬರೇ. ಹೋಗುವಾಗ ಮಗಳು ಸೆಕೆಂಡ್ ಪಿಯುಸಿ ಪರೀಕ್ಷೆ ಬರೆದು ಮುಗಿಸಿದ್ದಳು.

ಅಪ್ಪ ತೀರಿಕೊಂಡ ಮೇಲೆ ಮನೆ ನಮ್ಮ ಮೂವರಿಗೆ ಬಂತು. ನಾನು, ತಮ್ಮ, ತಂಗಿ. ಅವರಿಬ್ಬರೂ ಬೆಂಗಳೂರಿನಲ್ಲಿದ್ದಾರೆ, ನಾನೊಬ್ಬಳೇ ಇಲ್ಲಿ. ಒಂದು ಮನೆಯನ್ನು ಮೂರು ಪಾಲು ಮಾಡೋಕಾಗಲ್ಲ ಅಲ್ವಾ? 2024ರ ದೀಪಾವಳಿಗೆ ಎಲ್ಲ ಸೇರಿದಾಗ ಮಾರೋಣ ಎಂದು ಮಾತಾಯಿತು. ಆ ಮಾತನ್ನು ಟೈಲರ್ ಅಣ್ಣನಿಗೆ ನಾನು ಮಾರನೇ ದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಗಿರಾಕಿ ಸಿಗಲಿ, ಆಮೇಲೆ ಹೇಳಿದರಾಯಿತು, ಸುಮ್ನೆ ಈಗಲೇ ಯಾಕೆ ಗಾಬರಿ ಮಾಡಬೇಕು ಅಂದುಕೊಂಡೆ.

ಒಂದು ಮಧ್ಯಾಹ್ನ ಬ್ರೋಕರ್ ನನಗೆ ಹೇಳದೆ ಇಬ್ಬರನ್ನು ಕರೆದುಕೊಂಡು ಅಲ್ಲಿಗೆ ಹೋಗಿಬಿಟ್ಟಿದ್ದ. ಮನೆಯಲ್ಲಿ ಹುಡುಗಿ ಒಬ್ಬಳೇ ಓದಿಕೊಳ್ಳುತ್ತಾ ಕೂತಿದ್ದಳು. ಅವರು ಅಡುಗೆಮನೆ, ಬಚ್ಚಲು ಎಲ್ಲ ನೋಡಿ, ಗೋಡೆ ತಟ್ಟಿ, "ಇದನ್ನ ಒಡೆದು ದೊಡ್ಡ ಹಾಲ್ ಮಾಡಬಹುದು" ಎಂದು ಅವಳೆದುರಿಗೇ ಮಾತಾಡಿಕೊಂಡು ಹೋದರಂತೆ. ಸಂಜೆ ಅವಳು ನನಗೆ ಫೋನ್ ಮಾಡಿದಳು. "ಆಂಟಿ, ನಾವು ಮನೆ ಖಾಲಿ ಮಾಡ್ಬೇಕಾ? ನನ್ನ ಎಕ್ಸಾಮ್ ಮುಗಿಯೋವರೆಗಾದ್ರೂ ಇರಬಹುದಾ?"

ಆ ಪ್ರಶ್ನೆ ಕೇಳಿಸಿಕೊಂಡು ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಏಳಕ್ಕೇ ಹೋದೆ. ಅಣ್ಣ ಇನ್ನೂ ಅಂಗಡಿಗೆ ಹೊರಟಿರಲಿಲ್ಲ. "ತಪ್ಪಾಯ್ತು ಅಣ್ಣ, ನಾನೇ ಮೊದಲು ಬಂದು ಹೇಳಬೇಕಿತ್ತು" ಅಂದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಮನೆ ನಿಮ್ಮದು ಅಕ್ಕ, ಮಾರೋದು ತಪ್ಪಲ್ಲ. ಮಗುಗೆ ಬೇರೆಯವರ ಬಾಯಿಂದ ಗೊತ್ತಾಯ್ತಲ್ಲ, ಅದೊಂದು ಬೇಜಾರು" ಅಂದರು.

ಅವತ್ತು ಅಲ್ಲೇ ಕೂತು ಕ್ಯಾಲೆಂಡರ್ ತೆಗೆದೆವು. ಪರೀಕ್ಷೆ ಮಾರ್ಚ್‌ನಲ್ಲಿ. ಯುಗಾದಿ ಮಾರ್ಚ್ 30. ಹಬ್ಬ ಈ ಮನೆಯಲ್ಲೇ ಮಾಡಿಕೊಂಡು ಹೋಗುತ್ತೇವೆ ಎಂದು ಅವರ ಹೆಂಡತಿ ಕೇಳಿದರು. ಜೂನ್ ಕೊನೆಗೆ ಆಷಾಢ ಬರುತ್ತದೆ, ಆಗ ಯಾರೂ ಮನೆ ಬದಲಾಯಿಸಲ್ಲ. ಹಾಗಾಗಿ ಏಪ್ರಿಲ್ 30 ಎಂದು ತೀರ್ಮಾನ ಮಾಡಿದೆವು. ಇನ್ನು ಮೇಲೆ ಮನೆ ನೋಡೋಕೆ ಬರುವವರು ಭಾನುವಾರ ಹತ್ತರಿಂದ ಹನ್ನೆರಡರ ಒಳಗೆ ಮಾತ್ರ, ಹಿಂದಿನ ದಿನ ಫೋನ್ ಮಾಡಿ, ನನ್ನ ಜೊತೆ ಬರಬೇಕು. ಬ್ರೋಕರ್‌ಗೂ ಹಾಗೇ ಹೇಳಿದೆ.

ತಮ್ಮನಿಗೆ ಇದು ಜಾಸ್ತಿ ಅನ್ನಿಸಿತು. ಅವನು ವಕೀಲರೊಬ್ಬರನ್ನು ಕೇಳಿಕೊಂಡು ಬಂದಿದ್ದ. ಮೊದಲ ವರ್ಷ ಬರೆದ 11 ತಿಂಗಳ ಕರಾರು ಯಾವತ್ತೋ ಮುಗಿದಿದೆ, ಮತ್ತೆ ಬರೆದಿಲ್ಲ. ಹಾಗಿದ್ದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ, ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಸಾಕು ಎಂದ. ಅದು ನಿಜ. ಆದರೆ ನೋಟಿಸ್ ಕೊಟ್ಟ ಮಾತ್ರಕ್ಕೆ ಮನೆ ಖಾಲಿಯಾಗಲ್ಲ. ಹೋಗಲ್ಲ ಅಂದರೆ ಕೋರ್ಟಿಗೆ ಹೋಗಬೇಕು, ಅದು ವರ್ಷಗಟ್ಟಲೆ ಎಳೆಯಬಹುದು. ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿರಲ್ಲ. ಮನೆ ಮಾರಿದ ಕೂಡಲೇ ಬಾಡಿಗೆ ರದ್ದಾಗಲ್ಲ. ಮಾಲೀಕರು ಬದಲಾಗುತ್ತಾರೆ, ಬಾಡಿಗೆದಾರರು ಹೊಸ ಮಾಲೀಕರ ಕೈಕೆಳಗೆ ಹಾಗೇ ಮುಂದುವರಿಯುತ್ತಾರೆ. ಅದಕ್ಕೇ ಕೊಳ್ಳುವವರು ಖಾಲಿ ಮನೆಯೇ ಬೇಕು ಎಂದು ಹಟ ಹಿಡಿಯುವುದು.

ಡಿಸೆಂಬರ್‌ನಲ್ಲಿ ಗಿರಾಕಿ ಸಿಕ್ಕಿದರು. ಶಾಲೆಯಲ್ಲಿ ಕೆಲಸ ಮಾಡುವ ದಂಪತಿ. ಅವರ ಹತ್ತಿರ ನಾನು ಏನೂ ಮುಚ್ಚಿಡಲಿಲ್ಲ. ಮಾರಾಟದ ಕರಾರಿನಲ್ಲೇ ಬರೆಸಿದೆ: ಬಾಡಿಗೆದಾರರು ಏಪ್ರಿಲ್ 30ಕ್ಕೆ ಖಾಲಿ ಮಾಡುತ್ತಾರೆ, ಮೇ ತಿಂಗಳಲ್ಲಿ ರಿಜಿಸ್ಟ್ರೇಷನ್, ಹೆಚ್ಚುಕಮ್ಮಿ ಆದರೆ 30 ದಿನ ಕಾಯಬೇಕು, ಅದಕ್ಕೆ ದಂಡ ಇಲ್ಲ. ಆ 30 ದಿನದ ಮಾತಿಗೆ ಅವರು ಒಪ್ಪಲು ಎರಡು ದಿನ ತೆಗೆದುಕೊಂಡರು. ಆ ಸಾಲು ಇಲ್ಲದಿದ್ದರೆ ಒಂದು ವಾರ ತಡವಾದರೂ ನನ್ನ ಆತಂಕವೆಲ್ಲ ಟೈಲರ್ ಅಣ್ಣನ ತಲೆಗೇ ಹೋಗುತ್ತಿತ್ತು.

ಆಮೇಲೆ ಅಡ್ವಾನ್ಸ್ ವಿಷಯ ಬಂತು. ಸಂಬಂಧ ಕೆಡುವುದು ಸಾಮಾನ್ಯವಾಗಿ ಇಲ್ಲೇ.

ಅಪ್ಪನ ಡೈರಿಯಲ್ಲಿ 25,000 ಎಂದಿತ್ತು. ಅಣ್ಣ 40,000 ಅಂದರು. 2011ರಲ್ಲಿ ತಾರಸಿ ಸೋರುತ್ತಿತ್ತು, ರಿಪೇರಿಗೆ ಅಪ್ಪನ ಹತ್ತಿರ ಹಣ ಸಾಲದೆ ಬಂದಾಗ 15,000 ಕೊಟ್ಟಿದ್ದೆ, ಅದನ್ನು ಅಡ್ವಾನ್ಸ್‌ಗೆ ಸೇರಿಸಿಕೊಂಡರು ಎಂದರು. ನನ್ನ ತಮ್ಮ ಫೋನಿನಲ್ಲಿ, "ಬರೆದಿಲ್ಲ ಅಂದ್ಮೇಲೆ ಕೊಟ್ಟಿಲ್ಲ ಅಂತಲೇ" ಎಂದ. ನನಗೆ ಯಾರನ್ನು ನಂಬಬೇಕೋ ತಿಳಿಯಲಿಲ್ಲ. ಅಪ್ಪ ಲೆಕ್ಕದಲ್ಲಿ ಬಹಳ ಕಟ್ಟುನಿಟ್ಟು.

ಅಣ್ಣ ಕೋಪ ಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ ಬಾಡಿಗೆ ಪುಸ್ತಕ ತಂದರು. ಕೆಂಪು ರಟ್ಟಿನ ಉದ್ದ ನೋಟ್‌ಬುಕ್. ಬೆನ್ನು ಕಿತ್ತುಹೋಗಿದ್ದಕ್ಕೆ ಪ್ಯಾಂಟಿನ ದಪ್ಪ ಬಟ್ಟೆ ಇಟ್ಟು ಹೊಲಿದಿದ್ದರು. ಒಂದು ಸಾಲಿಗೆ ಒಂದು ತಿಂಗಳು: ತಾರೀಕು, ಮೊತ್ತ, ಅಪ್ಪನ ಸಹಿ. ಮೊದಲ ಸಾಲು 1,800 ರೂಪಾಯಿ. 2011ರ ಆಗಸ್ಟ್ ಸಾಲಿನ ಪಕ್ಕ, ಅಂಚಿನ ಗೆರೆಯಾಚೆ, ಅಪ್ಪನ ಅಕ್ಷರದಲ್ಲೇ ಇತ್ತು: "ಅಡ್ವಾನ್ಸ್‌ಗೆ ಸೇರಿದ್ದು 15,000. ಒಟ್ಟು 40,000." ಕೆಳಗೆ ಸಹಿ. ಡೈರಿಗೆ ಇಳಿಸುವುದು ಮರೆತಿದ್ದರು ಅಷ್ಟೇ.

ನಾನು ಪುಟ ತಿರುವುತ್ತಾ ಹೋದೆ. ಕೊನೆಕೊನೆಯ ವರ್ಷದಲ್ಲಿ ಅಪ್ಪನ ಸಹಿ ನಡುಗಿದೆ, ಗೆರೆ ಬಿಟ್ಟು ಕೆಳಗೆ ಜಾರಿದೆ. ಆಮೇಲೆ ಒಂದು ತಿಂಗಳು ಸಹಿಯ ಜಾಗ ಖಾಲಿ. ಅದರ ಕೆಳಗಿನ ಸಾಲಿನಿಂದ ನನ್ನ ಸಹಿ. ಲಾಕ್‌ಡೌನ್‌ನ ಮೂರು ತಿಂಗಳು ಅಂಗಡಿ ಮುಚ್ಚಿತ್ತು, ಬಾಡಿಗೆ ಬಂದಿರಲಿಲ್ಲ. ಆ ಬಾಕಿಯನ್ನು ಐನೂರು, ಸಾವಿರ ಅಂತ ಒಂದು ವರ್ಷದುದ್ದಕ್ಕೂ ತೀರಿಸಿದ್ದು ಅಲ್ಲಿತ್ತು. ಆ ಪುಟಗಳ ಫೋಟೊ ತೆಗೆದು ತಮ್ಮನಿಗೂ ತಂಗಿಗೂ ಕಳಿಸಿದೆ. ತಮ್ಮ ತುಂಬಾ ಹೊತ್ತಾದ ಮೇಲೆ ಒಂದೇ ಸಾಲು ಬರೆದ: "ಅಕ್ಕ, 40 ಕೊಟ್ಟುಬಿಡು."

ಯಾವಾಗ ಕೊಡುವುದು ಎನ್ನುವುದೂ ಅಷ್ಟೇ ಮುಖ್ಯ. ನಮ್ಮ ಕಡೆ ರೂಢಿ ಏನೆಂದರೆ ಖಾಲಿ ಮಾಡಿ ಬೀಗದಕೈ ಕೊಟ್ಟ ಮೇಲೆ ಅಡ್ವಾನ್ಸ್ ವಾಪಸ್. ಆದರೆ ಹೊಸ ಮನೆಯವರು ಬೀಗದಕೈ ಕೊಡುವ ಮೊದಲೇ ಅಡ್ವಾನ್ಸ್ ಕೇಳುತ್ತಾರೆ. ಅಣ್ಣ ನಮಗೆ ಕೊಡುತ್ತಿದ್ದದ್ದು 7,000 ಬಾಡಿಗೆ. ಕ್ಯಾತ್ಸಂದ್ರದಲ್ಲಿ ಅವರಿಗೆ ಸಿಕ್ಕ ಮನೆಗೆ 9,500 ಬಾಡಿಗೆ, 80,000 ಅಡ್ವಾನ್ಸ್. ನಮ್ಮ ದುಡ್ಡು ಕೈಗೆ ಬರುವ ತನಕ ಅವರು ಬಡ್ಡಿಗೆ ಸಾಲ ಮಾಡಬೇಕಿತ್ತು. ಹಾಗಾಗಿ ಮನೆ ಗೊತ್ತಾದ ದಿನವೇ, ಅಂದರೆ ಖಾಲಿ ಮಾಡುವುದಕ್ಕೆ ಮೂರು ವಾರ ಮೊದಲೇ, 30,000 ಅವರ ಖಾತೆಗೆ ಹಾಕಿದೆ. ಉಳಿದ 10,000 ಬೀಗದಕೈ ದಿನಕ್ಕೆ. ಕೊಳ್ಳುವವರು ಕೊಟ್ಟ ಮುಂಗಡದಲ್ಲೇ ಇದಕ್ಕೆ ಹಣವಿತ್ತು. ಆ ಪುಸ್ತಕ ನೋಡಿದ ಧೈರ್ಯದಿಂದ ನಾನು ಹಾಗೆ ಮಾಡಿದೆ. ಎರಡು ವರ್ಷದ ಪರಿಚಯ ಮಾತ್ರ ಇದ್ದಿದ್ದರೆ ಆ ಹಣವನ್ನು ನೇರವಾಗಿ ಹೊಸ ಮನೆಯ ಮಾಲೀಕರಿಗೇ ಹಾಕುತ್ತಿದ್ದೆ.

ಸುಣ್ಣಬಣ್ಣಕ್ಕೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ವಾಡಿಕೆ. ನಾನು ಹಿಡಿಯಲಿಲ್ಲ. ಕೊಂಡವರು ಗೋಡೆಯನ್ನೇ ಒಡೆಸುತ್ತಾರೆ, ನಾನು ಯಾವ ಬಣ್ಣವನ್ನೂ ಹೊಡೆಸುವುದಿಲ್ಲ. ಮಾಡದ ಕೆಲಸಕ್ಕೆ ದುಡ್ಡು ಹಿಡಿಯುವುದು ನನಗೆ ಸರಿ ಕಾಣಲಿಲ್ಲ.

ಏಪ್ರಿಲ್ 27, ಭಾನುವಾರ, ಸಾಮಾನು ಸಾಗಿಸಿದರು. ಹೊಲಿಗೆ ಮಿಷನ್ ಕೊನೆಗೆ ಏರಿತು. ಕಿಟಕಿಗೆ ಅವರೇ ಹಾಕಿಸಿದ್ದ ಸೊಳ್ಳೆ ಪರದೆ ಬಿಚ್ಚಿಕೊಂಡರು, ತಾರಸಿಯ ನೀರಿನ ಟ್ಯಾಂಕ್ ಮಾತ್ರ ಕೊಂಡವರಿಗೆ ಇರಲಿ ಎಂದು ಬಿಟ್ಟರು. ನಾವಿಬ್ಬರೂ ಕರೆಂಟ್ ಮೀಟರ್ ಮುಂದೆ ನಿಂತು ರೀಡಿಂಗ್ ಬರೆದುಕೊಂಡು ಫೋಟೊ ತೆಗೆದೆವು. ಗೃಹಜ್ಯೋತಿ ಅವರ ಆಧಾರ್‌ಗೆ ನಮ್ಮ ಮನೆಯ ಮೀಟರ್ ಮೇಲೆ ಜೋಡಣೆಯಾಗಿತ್ತು. ಅದನ್ನು ಬಿಡಿಸದೆ ಹೊಸ ಮನೆಯ ಮೀಟರ್‌ಗೆ ಸೇರಿಸೋಕಾಗಲ್ಲ, ಅದಕ್ಕೆ ಮಗಳು ಹಿಂದಿನ ವಾರವೇ ಸೇವಾ ಸಿಂಧುವಿನಲ್ಲಿ ಬಿಡಿಸಿದ್ದಳು.

ಆಮೇಲೆ ಒಂದು ಹಾಳೆಯಲ್ಲಿ ಬರೆದೆವು. ಮನೆ ಖಾಲಿ ಮಾಡಿ ಮೂರು ಬೀಗದಕೈ ಒಪ್ಪಿಸಿದೆ, ಅಡ್ವಾನ್ಸ್ 40,000 ಪೂರ್ತಿ ಮುಟ್ಟಿದೆ, ಮೀಟರ್ ರೀಡಿಂಗ್ ಇಷ್ಟು, ಒಬ್ಬರಿಗೊಬ್ಬರು ಯಾವ ಬಾಕಿಯೂ ಇಲ್ಲ. ಎರಡು ಪ್ರತಿ, ಇಬ್ಬರ ಸಹಿ. ಬಾಡಿಗೆ ಪುಸ್ತಕವನ್ನು ಅವರು ನನ್ನ ಕೈಗೆ ಕೊಟ್ಟರು. "ಅಪ್ಪಾವ್ರ ಸಹಿ ಇದೆ ಅಕ್ಕ, ನಿಮ್ಮ ಹತ್ರ ಇರಲಿ."

ಬುಧವಾರ ಅವರು ಹೊಸ ಮನೆಯಲ್ಲಿ ಹಾಲುಕ್ಕಿಸಿದರು, ನಾನೂ ಹೋಗಿದ್ದೆ. ಅಕ್ಷಯ ತದಿಗೆ ಅವತ್ತು.

ಮೇ ತಿಂಗಳಲ್ಲಿ ರಿಜಿಸ್ಟ್ರೇಷನ್ ದಿನ ಸಾಕ್ಷಿ ಹಾಕೋಕೆ ನಮ್ಮ ಕಡೆಯಿಂದ ಒಬ್ಬರು ಬೇಕಿತ್ತು. ಕೊಂಡವರೇ, "ಇಷ್ಟು ವರ್ಷ ಆ ಮನೆಯಲ್ಲಿದ್ದವರೇ ಸಾಕ್ಷಿ ಹಾಕಿದರೆ ನಮಗೂ ಸಮಾಧಾನ" ಎಂದರು. ಕೇಳಿದ ಕೂಡಲೇ ಅಣ್ಣ ಒಪ್ಪಿದರು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡು ನಮಗಿಂತ ಮೊದಲೇ ಬಂದು ಕೂತಿದ್ದರು.

ಪತ್ರ ಬರೆಯುವವರು ಸಾಕ್ಷಿಯ ವಿಳಾಸವನ್ನು ಆಧಾರ್ ನೋಡಿ ಟೈಪ್ ಮಾಡಿದ್ದರು. ಅಣ್ಣ ಆಧಾರ್‌ನಲ್ಲಿ ವಿಳಾಸ ಇನ್ನೂ ಬದಲಾಯಿಸಿರಲಿಲ್ಲ. ಕೊಂಡವರ ವಕೀಲರು ಅದನ್ನು ನೋಡಿ, ಇವರು ಇನ್ನೂ ಅಲ್ಲೇ ಇದ್ದಾರಾ ಎಂದು ಹುಬ್ಬು ಗಂಟಿಕ್ಕಿದರು. ನಾನು ಆ ಖಾಲಿ ಮಾಡಿದ ಹಾಳೆ ತೋರಿಸಿದೆ. ಅವರು ಓದಿ, ಒಂದು ಪ್ರತಿ ತಮ್ಮ ಫೈಲಿಗೆ ಹಾಕಿಕೊಂಡು, ಸರಿ ಎಂದರು.

ಹಾಗಾಗಿ ನಮ್ಮ ಕ್ರಯಪತ್ರದಲ್ಲಿ ಆ ಮನೆ ನಂಬರ್ ಎರಡು ಕಡೆ ಇದೆ. ಒಂದು, ಮಾರಿದ ಆಸ್ತಿಯ ವಿವರದಲ್ಲಿ. ಇನ್ನೊಂದು ಕೊನೆಯ ಪುಟದಲ್ಲಿ, ಟೈಲರ್ ಅಣ್ಣನ ಹೆಸರಿನ ಕೆಳಗೆ.